ಎಂಆರ್‌ಪಿ ಮೀರಿದ ಔಷಧ ಬಿಲ್

ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಅಚ್ಚಾಗಿರುವ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಬೆಲೆ. ಅಂಗಡಿಯವರು ಅದಕ್ಕಿಂತ ಕಡಿಮೆಗೆ ಮಾರಬಹುದು, ಹೆಚ್ಚಿಗೆ ಮಾರುವಂತಿಲ್ಲ. ಔಷಧಗಳ ಮಟ್ಟಿಗೆ ಈ ನಿಯಮ ಬರುವುದು 2013ರ ಔಷಧ ಬೆಲೆ ನಿಯಂತ್ರಣ ಆದೇಶದಿಂದ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ ಈ ಆದೇಶದ 26ನೇ ಕಂಡಿಕೆಯ ಪ್ರಕಾರ, ಲೇಬಲ್ಲಿನ ಬೆಲೆ ಮತ್ತು ಕಂಪನಿಯ ಚಾಲ್ತಿ ಬೆಲೆಪಟ್ಟಿಯ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಿ ಯಾರೂ ಮಾರಕೂಡದು. ಬಿಡಿಯಾಗಿ ಕೊಡುವ ಮಾತ್ರೆಗಳ ಲೆಕ್ಕ 27ನೇ ಕಂಡಿಕೆಯಲ್ಲಿದೆ. ಸ್ಟ್ರಿಪ್ ಕತ್ತರಿಸಿ ಕೊಟ್ಟರೂ ಪೂರ್ತಿ ಸ್ಟ್ರಿಪ್ಪಿನ ಬೆಲೆಯನ್ನು ಭಾಗಿಸಿದಾಗ ಬರುವ ದರವೇ ಮಿತಿ. ಕತ್ತರಿಸಿದ ಶ್ರಮಕ್ಕೆಂದು ಪೈಸೆಯನ್ನೂ ಸೇರಿಸುವಂತಿಲ್ಲ.

ಹೆಚ್ಚುವರಿ ಬೆಲೆ ಸಾಮಾನ್ಯವಾಗಿ ಎಲ್ಲಿ ನುಸುಳುತ್ತದೆ ಎಂಬುದು ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. 15 ಮಾತ್ರೆಗಳ ಒಂದು ಸ್ಟ್ರಿಪ್ಪಿನ ಎಂಆರ್‌ಪಿ ₹198 ಎಂದಿಟ್ಟುಕೊಂಡರೆ ಒಂದು ಮಾತ್ರೆಗೆ ₹13.20 ಬೀಳುತ್ತದೆ. ಗ್ರಾಹಕ 10 ಮಾತ್ರೆ ಕೊಂಡರೆ ಬಿಲ್ ₹132 ದಾಟಬಾರದು. ಆದರೆ ಕೈಗೆ ಬಂದ ಬಿಲ್ಲಿನಲ್ಲಿ ₹138.50 ಇದೆ. ಆರೂವರೆ ರೂಪಾಯಿ ಎಲ್ಲಿಂದ ಬಂತು?

ಮೊದಲು ನೋಡಬೇಕಾದದ್ದು ಬ್ಯಾಚ್ ನಂಬರ್. ಬಿಲ್ ಮಾಡುವಾಗ ಅಂಗಡಿಯ ಹುಡುಗ ಔಷಧದ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಒತ್ತುತ್ತಾನೆ. ಕಂಪ್ಯೂಟರ್ ಆ ಹೆಸರಿನಲ್ಲಿರುವ ಬ್ಯಾಚುಗಳನ್ನು ಸಾಲಾಗಿ ತೋರಿಸುತ್ತದೆ, ಅವನು ಒಂದನ್ನು ಆರಿಸುತ್ತಾನೆ. ಹೊಸ ಬ್ಯಾಚಿನ ಸ್ಟ್ರಿಪ್ಪಿಗೆ ₹207.75 ಎಂದು ಬೆಲೆ ಏರಿದ್ದು, ಕಪಾಟಿನಿಂದ ತೆಗೆದುಕೊಟ್ಟ ಸ್ಟ್ರಿಪ್ ಹಳೆಯದಾಗಿದ್ದರೆ ಮಾತ್ರೆಯೊಂದಕ್ಕೆ ₹13.85ರಂತೆ ಲೆಕ್ಕ ಬೀಳುತ್ತದೆ. ಹತ್ತಕ್ಕೆ ₹138.50. ಬಿಲ್ಲಿನ ಬ್ಯಾಚ್ ನಂಬರೂ ಸ್ಟ್ರಿಪ್ಪಿನ ನಂಬರೂ ಬೇರೆ ಬೇರೆಯಾಗಿದ್ದರೆ ತಪ್ಪು ನಡೆದದ್ದು ಇಲ್ಲೇ. ಹಳೆಯ ದಾಸ್ತಾನನ್ನು ಹೊಸ ಬೆಲೆಗೆ ಮಾರಿದಂತಾಯಿತು. ಹೆಚ್ಚಿನ ಸಲ ಇದು ಗಡಿಬಿಡಿಯ ತಪ್ಪು. ಆದರೆ ಒಂದೇ ಅಂಗಡಿಯಲ್ಲಿ ಮತ್ತೆ ಮತ್ತೆ ನಡೆದು, ಪ್ರತಿ ಸಲವೂ ಹೆಚ್ಚಿನ ಬೆಲೆಯ ಕಡೆಗೇ ವಾಲುತ್ತಿದ್ದರೆ ಅದನ್ನು ಗಡಿಬಿಡಿ ಎನ್ನುವುದು ಕಷ್ಟ.

ಮೊತ್ತ ₹138.50ರ ಬದಲು ₹138.60 ಆಗಿದ್ದರೆ ಕಾರಣ ಬೇರೆ. ಅದು ₹132ರ ಮೇಲೆ ಶೇ 5ರಷ್ಟು ಜಿಎಸ್‌ಟಿ ಸೇರಿಸಿದ ಮೊತ್ತ. ಬಿಲ್ಲಿನಲ್ಲಿ ತೆರಿಗೆಯನ್ನು ಬಿಡಿಸಿ ತೋರಿಸುವುದರಲ್ಲಿ ತಪ್ಪಿಲ್ಲ. ಸರಿಯಾದ ಬಿಲ್ಲಿನಲ್ಲಿ ಔಷಧದ ಮೌಲ್ಯ ₹125.71, ತೆರಿಗೆ ₹6.29 ಎಂದಿದ್ದು ಎರಡೂ ಕೂಡಿ ₹132 ಆಗುತ್ತದೆ. ತೆರಿಗೆ ಎಂಆರ್‌ಪಿಯ ಒಳಗಿನಿಂದ ಹೊರಬರಬೇಕೇ ಹೊರತು ಅದರ ಮೇಲೆ ಕೂರಬಾರದು.

ಇನ್ನೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಕಂಪನಿಗಳು ಪರಿಷ್ಕೃತ ಬೆಲೆಪಟ್ಟಿ ಹೊರಡಿಸಿದವು. ಆದರೆ ಅಂಗಡಿಗಳಲ್ಲಾಗಲೇ ಇದ್ದ ಸ್ಟ್ರಿಪ್ಪುಗಳ ಮೇಲೆ ಹಳೆಯ ಅಚ್ಚು ಹಾಗೇ ಉಳಿಯಿತು. ಅಂಥ ಸ್ಟ್ರಿಪ್ಪಿಗೆ ಮುದ್ರಿತ ಬೆಲೆಯನ್ನೇ ಪಡೆದರೂ ಅದು ಹೆಚ್ಚುವರಿ ವಸೂಲಿಯೇ, ಏಕೆಂದರೆ ಎರಡರಲ್ಲಿ ಕಡಿಮೆ ಇರುವುದು ಪಟ್ಟಿಯ ಬೆಲೆ. ಈ ಪಟ್ಟಿಯನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಡಬೇಕೆಂಬ ನಿಯಮವೂ ಇದೆ.

ದೂರು ಗಟ್ಟಿಯಾಗುವುದು ಸಾಕ್ಷ್ಯದಿಂದ, ಮತ್ತು ಬಿಡಿ ಮಾತ್ರೆ ಕೊಂಡವರ ಕೈಯಲ್ಲಿ ಸಾಕ್ಷ್ಯ ಅರ್ಧವೇ ಇರುತ್ತದೆ. ಎಷ್ಟೋ ಸ್ಟ್ರಿಪ್ಪುಗಳಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ ಒಂದೇ ತುದಿಯಲ್ಲಿ ಅಚ್ಚಾಗಿರುತ್ತವೆ. ಅಂಗಡಿಯವರು ಆ ತುದಿಯನ್ನು ತಮ್ಮಲ್ಲೇ ಇಟ್ಟುಕೊಂಡು ಇನ್ನೊಂದು ಬದಿಯಿಂದ ಕತ್ತರಿಸಿ ಕೊಡುತ್ತಾರೆ. ಉಳಿದ ಮಾತ್ರೆ ಮಾರಲು ಅವರಿಗೂ ಆ ಅಚ್ಚು ಬೇಕು. ಆದ್ದರಿಂದ ಕತ್ತರಿ ಹಾಕುವ ಮುನ್ನ ಆ ತುದಿಯ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು. ಬಿಲ್ಲಂತೂ ಬೇಕೇ ಬೇಕು. ಚೀಟಿಯ ಮೇಲೆ ಪೆನ್ನಿನಲ್ಲಿ ಗೀಚಿದ ಮೊತ್ತದಿಂದ ಏನನ್ನೂ ಸಾಬೀತು ಮಾಡಲಾಗದು. ಅಂಗಡಿಯ ಹೆಸರು, ಔಷಧ ಪರವಾನಗಿ ಸಂಖ್ಯೆ, ದಿನಾಂಕ, ಔಷಧದ ಹೆಸರು, ಬ್ಯಾಚ್, ಮಾತ್ರೆಗಳ ಸಂಖ್ಯೆ ಇವೆಲ್ಲ ಬಿಲ್ಲಿನಲ್ಲಿರಬೇಕು.

ಕೌಂಟರಿನಲ್ಲೇ ಸ್ಟ್ರಿಪ್ ಮತ್ತು ಬಿಲ್ಲನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಬಹುಪಾಲು ಪ್ರಕರಣಗಳು ಅಲ್ಲೇ ಮುಗಿಯುತ್ತವೆ. ಹಣ ಮರಳಿಸುವಾಗ ಬಿಲ್ಲನ್ನೂ ತಿದ್ದಿಕೊಡುವಂತೆ ಕೇಳಬೇಕು. ಅಂಗಡಿಯವರು ಒಪ್ಪದಿದ್ದರೆ ಮುಂದೆ ಎರಡು ದಾರಿಗಳಿವೆ. ಇವೆರಡನ್ನೂ ಒಂದೇ ಎಂದುಕೊಂಡವರಿಗೆ ಕೊನೆಗೆ ನಿರಾಸೆಯಾಗುತ್ತದೆ.

ಒಂದು, ಕಾನೂನು ಮುರಿದವರ ಮೇಲೆ ಕ್ರಮ ಜರುಗಿಸುವ ದಾರಿ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ, ಎಂದರೆ ಆ ಪ್ರದೇಶದ ಡ್ರಗ್ಸ್ ಇನ್‌ಸ್ಪೆಕ್ಟರ್ ಅಥವಾ ಸಹಾಯಕ ಔಷಧ ನಿಯಂತ್ರಕರಿಗೆ, ಬಿಲ್ ಮತ್ತು ಫೋಟೊ ಲಗತ್ತಿಸಿ ಲಿಖಿತ ದೂರು ಕೊಡಬಹುದು. ಕೇಂದ್ರದ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಫಾರ್ಮಾ ಜನ್ ಸಮಾಧಾನ್ ಜಾಲತಾಣದಲ್ಲೂ 1800 111 255 ಸಂಖ್ಯೆಯಲ್ಲೂ ದೂರು ಸ್ವೀಕರಿಸುತ್ತದೆ. ಅದರದೇ ಫಾರ್ಮಾ ಸಹಿ ದಾಮ್ ಆ್ಯಪ್‌ನಲ್ಲಿ ಔಷಧದ ಬೆಲೆ ನೋಡಬಹುದು. ಬೆಲೆ ಆದೇಶದ ಉಲ್ಲಂಘನೆಗೆ ಅಗತ್ಯ ವಸ್ತುಗಳ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲುಶಿಕ್ಷೆಗೆ ಅವಕಾಶವಿದೆ. ಆದರೆ ಈ ದಾರಿಯಲ್ಲಿ ಗ್ರಾಹಕನಿಗೆ ಪರಿಹಾರ ಸಿಗುವುದಿಲ್ಲ. ಕಂಪನಿಯೇ ಸರ್ಕಾರದ ಮಿತಿಗಿಂತ ಹೆಚ್ಚಿನ ಎಂಆರ್‌ಪಿ ಅಚ್ಚು ಹಾಕಿದ ಪ್ರಕರಣಗಳಲ್ಲಿ ಪ್ರಾಧಿಕಾರ ಬಡ್ಡಿಸಮೇತ ವಸೂಲಿ ಮಾಡುತ್ತದೆ, ಆ ಹಣ ಸೇರುವುದೂ ಸರ್ಕಾರಕ್ಕೆ.

ಎರಡನೆಯದು ಹಣ ವಾಪಸು ಪಡೆಯುವ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಪೊಟ್ಟಣದ ಮೇಲಿನ ಬೆಲೆಗಿಂತ ಹೆಚ್ಚು ಪಡೆಯುವುದು ನೇರವಾಗಿ ದೂರಿನ ವಿಷಯ. ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಸಹಾಯವಾಣಿ ಮಾರಾಟಗಾರರೊಂದಿಗೆ ಮಾತುಕತೆ ನಡೆಸುತ್ತದೆ, ಆದರೆ ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಮಾತುಕತೆ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ, ವಕೀಲರಿಲ್ಲದೆ, ಘಟನೆ ನಡೆದ 2 ವರ್ಷದೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆರೂವರೆ ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ವಿರಳ, ಅದರಲ್ಲಿ ಅಚ್ಚರಿಯೂ ಇಲ್ಲ. ಆದರೆ ತಿಂಗಳುಗಟ್ಟಲೆ ಒಂದೇ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡವರ ಬಿಲ್ಲುಗಳನ್ನು ಒಟ್ಟಿಗೆ ಇಟ್ಟರೆ ಲೆಕ್ಕ ಬೇರೆಯಾಗುತ್ತದೆ.

ಒಳರೋಗಿಗಳ ಸ್ಥಿತಿ ಇನ್ನೂ ತೊಡಕಿನದು. ಆಸ್ಪತ್ರೆಯೊಳಗಿನ ಔಷಧ ಅಂಗಡಿಗೂ ಎಂಆರ್‌ಪಿಯೇ ಮಿತಿ. ಆದರೆ ಇಂಜೆಕ್ಷನ್ನಿನ ಸೀಸೆ ವಾರ್ಡಿನಲ್ಲೇ ಖಾಲಿಯಾಗಿ ಕಸದ ಡಬ್ಬಿ ಸೇರುವುದರಿಂದ ಮುದ್ರಿತ ಬೆಲೆ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ‘ಔಷಧ ವೆಚ್ಚ’ ಎಂಬ ಒಂದೇ ಸಾಲಿನ ಬದಲು ಬ್ಯಾಚ್ ಮತ್ತು ಪ್ರಮಾಣ ಸಹಿತ ವಿವರವಾದ ಬಿಲ್ ಕೇಳಿದರೆ ಹೋಲಿಸಲು ಒಂದು ಆಧಾರ ಸಿಗುತ್ತದೆ. ಇಂಜೆಕ್ಷನ್ ಚುಚ್ಚಿದ್ದಕ್ಕೆ, ಡ್ರಿಪ್ ಹಾಕಿದ್ದಕ್ಕೆ ಆಸ್ಪತ್ರೆ ವಿಧಿಸುವ ಸೇವಾ ಶುಲ್ಕಕ್ಕೆ ಎಂಆರ್‌ಪಿಯ ಮಿತಿ ಅನ್ವಯಿಸುವುದಿಲ್ಲ. ಅದು ಬಿಲ್ಲಿನಲ್ಲಿ ಬೇರೆ ಸಾಲಾಗಿರಬೇಕು, ಔಷಧದ ಬೆಲೆಯೊಳಗೆ ಬೆರೆತಿರಬಾರದು.