ಬಾಣದ ಗುರುತಿನ ಪಕ್ಕದಲ್ಲಿ ಎಂಟು ಸಾಲು

ಐದನೇ ತರಗತಿಯ ಪುಸ್ತಕದಲ್ಲಿ ಜಲಚಕ್ರದ ಚಿತ್ರ ಹೆಚ್ಚುಕಡಿಮೆ ಹೀಗಿರುತ್ತದೆ: ಒಂದು ಮೂಲೆಯಲ್ಲಿ ಸೂರ್ಯ, ಕೆಳಗೆ ಕಡಲು, ಮೇಲೆ ಮೋಡ, ಪಕ್ಕದಲ್ಲಿ ಬೆಟ್ಟ, ಬೆಟ್ಟದಿಂದ ಇಳಿಯುವ ಹೊಳೆ. ನಡುವೆ ಬಾಣದ ಗುರುತುಗಳು. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಾಣ ತೋರಿಸುತ್ತದೆ. ಯಾಕೆ ಹೋಗುತ್ತದೆ ಎಂಬುದನ್ನು ಅದು ಹೇಳಲಾರದು. ಚಿತ್ರದ ಪಕ್ಕ ಅಚ್ಚಾಗುವ ಪ್ರಾಸಪದ್ಯಕ್ಕೆ ಕೆಲಸ ಸಿಗುವುದು ಇಲ್ಲಿ.

ಅಂಥ ಪದ್ಯ ಚಿಕ್ಕದಿರಬೇಕು, ಬಾಯಿಗೆ ಸಲೀಸಾಗಿ ಬರಬೇಕು. ಇದಕ್ಕೆ ನಾಲ್ಕು ಮಾತ್ರೆಯ ಗಣ ಚೆನ್ನಾಗಿ ಒದಗುತ್ತದೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಅನುಸ್ವಾರವಿರುವ ಅಕ್ಷರಕ್ಕೆ ಮತ್ತು ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಬಿಸಿಲಿಗೆ’ ಎಂಬಲ್ಲಿ ನಾಲ್ಕು ಹ್ರಸ್ವ, ‘ಕಾಯಲು’ ಎಂಬಲ್ಲಿ ಒಂದು ದೀರ್ಘ, ಎರಡು ಹ್ರಸ್ವ. ಎರಡೂ ನಾಲ್ಕೇ ಮಾತ್ರೆ. ಸಾಲಿಗೆ ಇಂಥ ನಾಲ್ಕು ಗಣಗಳಿಟ್ಟು, ಕೊನೆಯಕ್ಷರವನ್ನು ತುಸು ಎಳೆದರೆ ಚಪ್ಪಾಳೆಗೆ ಹೊಂದುವ ಲಯ ಸಿದ್ಧ. ಚಿತ್ರದ ಒಂದೊಂದು ಹಂತಕ್ಕೆ ಎರಡೆರಡು ಸಾಲು ಹಂಚಿದರೆ ಪದ್ಯ ಹೀಗೆ ಬರಬಹುದು:

ಬಿಸಿಲಿಗೆ ಕಾಯಲು ಕಡಲಿನ ನೀರು
ಕಾಣದ ಆವಿಗೆ ಬಾನೇ ಊರು

ಉಪ್ಪನು ಕೆಳಗೇ ಉಳಿಸಿತು ನೋಡು
ತಂಪಿಗೆ ಧೂಳೇ ಹನಿಗಳ ಗೂಡು

ಹನಿಹನಿ ಕೂಡುತ ಭಾರವು ಹೆಚ್ಚಿ
ಸುರಿಯಿತು ಮಳೆಯೇ ಬೆಟ್ಟವ ಮುಚ್ಚಿ

ಹೊಳೆಗಳು ಹಿಡಿದವು ಕಡಲಿನ ದಾರಿ
ಮಿಕ್ಕುದು ಇಂಗಿತು ಬಾವಿಗೆ ಜಾರಿ

ಇಲ್ಲಿ ಛಂದಸ್ಸು ಒಪ್ಪಿದರೂ ವಿಜ್ಞಾನ ಒಪ್ಪದ ಪದಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ‘ಕಾಯಲು’ ಇರುವಲ್ಲಿ ‘ಕುದಿಯಲು’ ಎಂದರೂ ಮಾತ್ರೆ ಕೆಡುವುದಿಲ್ಲ. ಆದರೆ ಕಡಲು ಎಂದೂ ಕುದಿಯುವುದಿಲ್ಲ. ಹಗ್ಗದ ಮೇಲಿನ ಒದ್ದೆಬಟ್ಟೆ ಕುದಿಯದೆಯೇ ಒಣಗುವಂತೆ ಕಡಲ ಮೇಲ್ಮೈಯ ನೀರೂ ಆವಿಯಾಗುತ್ತದೆ. ‘ಕುದಿಯಲು’ ಎಂದು ಬಾಯಿಪಾಠ ಮಾಡಿದ ಮಗು, ನೀರು ಆವಿಯಾಗಲು ನೂರು ಡಿಗ್ರಿ ಬಿಸಿ ಬೇಕೆಂದೇ ನಂಬೀತು.

‘ಕಾಣದ’ ಎಂಬ ವಿಶೇಷಣ ಬರೀ ಅಂದಕ್ಕೆ ಬಂದದ್ದಲ್ಲ. ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಪಾತ್ರೆಯ ಬಾಯಲ್ಲಿ ಬೆಳ್ಳಗೆ ಏಳುವ ಹಬೆ, ಆವಿ ತಣ್ಣಗಾಗಿ ಮತ್ತೆ ನೀರಾದ ಸಣ್ಣ ಹನಿಗಳ ಗುಂಪು, ಮೋಡವೂ ಅಂಥದ್ದೇ. ಚಿತ್ರದಲ್ಲಿ ಆವಿಯನ್ನು ಅಂಕುಡೊಂಕು ಗೆರೆಗಳಲ್ಲಿ ಬರೆಯದೆ ವಿಧಿಯಿಲ್ಲ. ಆ ಗೆರೆ ಹುಟ್ಟಿಸುವ ತಪ್ಪು ಕಲ್ಪನೆಯನ್ನು ಪದ್ಯದ ಒಂದು ಪದ ತಿದ್ದುತ್ತದೆ.

‘ಧೂಳೇ ಹನಿಗಳ ಗೂಡು’ ಎಂಬುದೂ ಕವಿಯ ಉತ್ಪ್ರೇಕ್ಷೆಯಲ್ಲ. ಆವಿ ಹೊತ್ತ ಗಾಳಿ ಮೇಲೇರಿದಂತೆ ತಣಿಯುತ್ತದೆ. ಆಗ ಆವಿಗೆ ಹನಿಯಾಗಿ ಕೂರಲು ಧೂಳು, ಹೊಗೆ ಅಥವಾ ಕಡಲ ಉಪ್ಪಿನ ಸೂಕ್ಷ್ಮ ಕಣ ಆಸರೆಯಾಗುತ್ತದೆ. ಹಾಗೆ ಹುಟ್ಟುವ ಮೋಡದ ಹನಿಯ ಅಡ್ಡಳತೆ ಸುಮಾರು 0.02 ಮಿಲಿಮೀಟರ್. ಅಷ್ಟು ಹಗುರ ಹನಿ ಗಾಳಿಯಲ್ಲೇ ತೇಲಿಕೊಂಡಿರುತ್ತದೆ. 2 ಮಿಲಿಮೀಟರ್ ಅಳತೆಯ ಮಳೆಹನಿಯಾಗಲು ಅಂಥ ಸುಮಾರು ಹತ್ತು ಲಕ್ಷ ಹನಿಗಳ ನೀರು ಸೇರಬೇಕು. ‘ಹನಿಹನಿ ಕೂಡುತ ಭಾರವು ಹೆಚ್ಚಿ’ ಎಂಬ ಸಾಲು ಹೇಳುವುದು ಇದನ್ನೇ.

ಮುಂದಿನ ಸಾಲಿನಲ್ಲಿ ‘ಹೆಚ್ಚಿ’ಗೆ ‘ಮೋಡವ ಬಿಚ್ಚಿ’ ಎಂಬ ಪ್ರಾಸ ಥಟ್ಟನೆ ಹೊಳೆಯುತ್ತದೆ. ಅದನ್ನು ಬಳಸಿದರೆ ಮೋಡವೆಂದರೆ ನೀರು ತುಂಬಿದ ಚೀಲ, ಬಾಯಿ ಬಿಚ್ಚಿದಾಗ ಮಳೆ ಎಂದಾಗಿಬಿಡುತ್ತದೆ. ‘ಬೆಟ್ಟವ ಮುಚ್ಚಿ’ ಎಂದರೆ ಆ ತೊಡಕಿಲ್ಲ. ಚಿತ್ರದಲ್ಲಿರುವ ಬೆಟ್ಟವೂ ಪದ್ಯಕ್ಕೆ ಬಂದಂತಾಯಿತು.

ಎಂಟು ಸಾಲಿನಲ್ಲಿ ಹಿಡಿಯದ್ದೂ ಇದೆ. ಎಲೆಗಳಿಂದ ನೀರು ಆವಿಯಾಗುವ ಬಾಷ್ಪವಿಸರ್ಜನೆ ಇದರಲ್ಲಿಲ್ಲ. ಆ ಉದ್ದ ಹೆಸರನ್ನು ಪ್ರಾಸಕ್ಕಾಗಿ ಮುರಿಯುವುದಕ್ಕಿಂತ, ಚಿತ್ರದ ಮರದ ಪಕ್ಕ ಒಂದು ಬಾಣವಿಟ್ಟು ಅಲ್ಲೇ ಬರೆಯುವುದು ಲೇಸು. ಆವೀಕರಣ, ಸಾಂದ್ರೀಕರಣ ಎಂಬ ಪಾರಿಭಾಷಿಕ ಪದಗಳಿಗೂ ಚಿತ್ರವೇ ಜಾಗ. ಇನ್ನು, ನೀರು ಹೊರಟಲ್ಲಿಗೇ ಮರಳುತ್ತದೆಂದು ಪದ್ಯವಾಗಲಿ ಚಿತ್ರವಾಗಲಿ ಸೂಚಿಸಬಾರದು. ಅರಬ್ಬೀ ಸಮುದ್ರದಿಂದ ಬಂದ ಮಳೆ ಪಶ್ಚಿಮ ಘಟ್ಟದ ಪಡುವಣ ಇಳಿಜಾರಿನಲ್ಲಿ ಬಿದ್ದರೆ ನೇತ್ರಾವತಿಯಂಥ ಹೊಳೆ ಹಿಡಿದು ಅದೇ ಸಮುದ್ರಕ್ಕೆ ಸೇರಬಹುದು. ತುಂಗೆಗೆ ಇಳಿದ ನೀರು ಕೃಷ್ಣೆಯ ಜೊತೆ ಮೂಡಣಕ್ಕೆ ಸಾಗಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ‘ಕಡಲಿನ ದಾರಿ’ ಎಂದಷ್ಟೇ ಹೇಳಿ, ಯಾವ ಕಡಲೆಂದು ಹೇಳದಿರುವುದು ಅದಕ್ಕಾಗಿ.

ಪದ್ಯ ಅಚ್ಚಿಗೆ ಹೋಗುವ ಮುನ್ನ ಒಂದು ಸುಲಭ ಪರೀಕ್ಷೆ ಸಾಧ್ಯ. ಬಾಣಗಳನ್ನು ಅಳಿಸಿದ ಚಿತ್ರವನ್ನು ಮಕ್ಕಳಿಗೆ ಕೊಟ್ಟು, ಪದ್ಯ ಓದಿಸಿ, ಬಾಣ ಹಾಕಲು ಹೇಳಬೇಕು. ಬಾವಿಯ ಕಡೆಗೆ ನೆಲದೊಳಗಿಂದ ಬಾಣ ಬರೆದರೆ ಕೊನೆಯ ಸಾಲು ಅರ್ಥವಾಗಿದೆ. ಹೊಳೆಯಿಂದಲೇ ಬಾವಿಗೆ ಬಾಣ ಎಳೆದರೆ ‘ಜಾರಿ’ ಎಂಬ ಪದ ದಾರಿ ತಪ್ಪಿಸಿದೆ ಎಂದರ್ಥ; ಆ ಸಾಲನ್ನು ಮತ್ತೆ ಬರೆಯಬೇಕಾಗುತ್ತದೆ.