ಕೇಕು ಮೂರು, ಚಡ್ಡಿ ಒಂದೂ ಇಲ್ಲ

ತಾಲ್ಲೂಕು ಕೇಂದ್ರವೊಂದರಲ್ಲಿರುವ ಮಕ್ಕಳ ಮನೆಗೆ ವಾರಕ್ಕೊಮ್ಮೆ ಲೆಕ್ಕ ಬರೆಯಲು ಹೋಗುತ್ತೇನೆ. 6ರಿಂದ 18 ವರ್ಷದೊಳಗಿನ 42 ಹೆಣ್ಣುಮಕ್ಕಳು ಅಲ್ಲಿದ್ದಾರೆ. ಮೂರು ವರ್ಷದ ಹಿಂದೆ ದಾನಿಗಳಿಗೆ ಪತ್ರ ಬರೆದುಕೊಡಿ ಎಂದಾಗ ನಾನು ಬರೆದದ್ದು ಇಷ್ಟೇ: ‘ಬಟ್ಟೆ, ಪುಸ್ತಕ, ದಿನಸಿ, ಕೈಲಾದದ್ದು ಕೊಡಿ.’ ಕೈಲಾದದ್ದು ಬಂತು. ಜರಿ ಕಿತ್ತ ಸೀರೆ, ಗಂಡಸರ ಕೋಟು, ಅರ್ಧ ಬರೆದ ನೋಟ್‌ಬುಕ್ಕು, ಒಂದೇ ಭಾನುವಾರ ಮೂರು ಹುಟ್ಟುಹಬ್ಬದ ಕೇಕು. ಬಾರದೇ ಉಳಿದದ್ದು ಚಡ್ಡಿ ಮತ್ತು ಪ್ಯಾಡು. ಯಾರೂ ಕೊಡದ ವಸ್ತುವೇ ಅಲ್ಲಿ ಹೆಚ್ಚು ಬೇಕಾದದ್ದು, ಏಕೆಂದರೆ ಅದು ಮನೆಯಲ್ಲಿ ಹಳೆಯದಾಗಿ ಮೂಲೆಗೆ ಬೀಳುವುದಿಲ್ಲ.

ಎರಡನೆಯ ಪತ್ರಕ್ಕೆ ಮುಂಚೆ ವಾರ್ಡನ್ ಮೇಡಂ ಉಗ್ರಾಣದ ಬೀಗ ತೆಗೆದರು. ಬೇಕಾದ ಸಂಖ್ಯೆ ಹುಟ್ಟುವುದು ದಾಸ್ತಾನು ಪುಸ್ತಕದಿಂದ, ಮರುಕದಿಂದಲ್ಲ. ಹೊದಿಕೆ, ಅಂದರೆ ಬೆಡ್‌ಶೀಟಿನ ಲೆಕ್ಕ ನೋಡಿ. ಒಂದು ಹಾಸಿಗೆಯ ಮೇಲೆ, ಒಂದು ಒಗೆಯಲು, ಹೀಗೆ ಮಗುವಿಗೆ ಎರಡರಂತೆ 84. ಜ್ವರ ಬಂದವರಿಗೆ, ನಿದ್ದೆಯಲ್ಲಿ ಉಚ್ಚೆ ಹೊಯ್ಯುವ ಚಿಕ್ಕವರಿಗೆ ಇನ್ನು 8. ಒಟ್ಟು 92. ಪುಸ್ತಕದಲ್ಲಿ 70 ಇತ್ತು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದೆವು. ನಡುಭಾಗ ಬಲೆಯಂತೆ ಕಂಡದ್ದನ್ನು ಎರಡು ಕೈಯಲ್ಲಿ ಎಳೆದರೆ ಪರ್ ಎಂದು ಸೀಳಿತು. 19 ನೆಲ ಒರೆಸಲು ಹೋದವು. ಉಳಿದದ್ದು 51, ಬೇಕಾದದ್ದು 41. ಪತ್ರದಲ್ಲಿ ಆ ಸಾಲು ಹೀಗಾಯಿತು: ‘ಹತ್ತಿ ಬೆಡ್‌ಶೀಟು, ಸಿಂಗಲ್ ಮಂಚದ್ದು, 41. ಬಳಸಿದ್ದು ಆಗಬಹುದು, ಒಗೆದು ಒಣಗಿಸಿರಬೇಕು, ಬೆಳಕಿಗೆ ಹಿಡಿದರೆ ತೆಳ್ಳಗೆ ಕಾಣಬಾರದು. ಡಬಲ್ ಮಂಚದ್ದಾದರೆ ಕತ್ತರಿಸಿ ಎರಡು ಮಾಡಿಕೊಳ್ಳುತ್ತೇವೆ.’

‘ಒಳ್ಳೆಯ ಸ್ಥಿತಿಯಲ್ಲಿರಲಿ’ ಎಂದು ಬರೆದರೆ ಏನೂ ಬರೆದಂತಲ್ಲ. ಕೊಡುವವರ ಕಣ್ಣಿಗೆ ತಮ್ಮ ಮನೆಯದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆಯೊಂದನ್ನು ಹೇಳಬೇಕು. ಸ್ವೆಟರಿಗೆ ‘ಎಲ್ಲ ಗುಂಡಿ ಇರಲಿ, ಜಿಪ್ಪು ಮೇಲೆ ಕೆಳಗೆ ಓಡಲಿ’. ಸ್ಕೂಲ್ ಬ್ಯಾಗಿಗೆ ‘ನಾಲ್ಕೈದು ಪುಸ್ತಕ ತುಂಬಿ ಎತ್ತಿದಾಗ ಪಟ್ಟಿ ತಡೆಯಲಿ’. ಬೇಳೆಗೆ ‘ಸೀಲು ಒಡೆಯದ ಪೊಟ್ಟಣ, ಮುಗಿಯುವ ದಿನಕ್ಕೆ ಕನಿಷ್ಠ ಮೂರು ತಿಂಗಳಿರಲಿ’.

ಒಳ ಉಡುಪಿನ ಮುಂದೆ ಮಾತ್ರ ‘ಹೊಸದು’ ಎಂದು ದಪ್ಪಕ್ಷರದಲ್ಲಿ ಹಾಕಿದೆವು. ಮಗುವಿಗೆ ವರ್ಷಕ್ಕೆ ಆರರಂತೆ 252. ಆದರೆ ಬರೀ 252 ಎಂದರೆ ಕೊಡುವವರು ಅಂಗಡಿಗೆ ಹೋಗಿ ಒಂದೇ ಅಳತೆಯದನ್ನು ಡಜನ್‌ಗಟ್ಟಲೆ ತಂದುಬಿಡುತ್ತಾರೆ. ದೊಡ್ಡ ಹುಡುಗಿಯರೇ ಟೇಪು ಹಿಡಿದು, ತಮಾಷೆ ಮಾಡುತ್ತಾ, ಎಲ್ಲರ ಸೊಂಟ ಅಳೆದು ಯಾವ ಅಳತೆಗೆ ಎಷ್ಟು ಎಂದು ಚೀಟಿ ಕೊಟ್ಟರು. ಹೆಸರಿಲ್ಲದ ಚೀಟಿ. ಪ್ಯಾಡಿನ ಲೆಕ್ಕವನ್ನೂ ಅವರೇ ಹೇಳಿದರು: 23 ಹುಡುಗಿಯರು, ತಿಂಗಳಿಗೆ ತಲಾ 15, ಎಂಟರ ಪ್ಯಾಕೆಟ್ಟಾದರೆ 44. ನಾನು ಅಂದಾಜಿಗೆ 20 ಎಂದು ಬರೆದಿಟ್ಟಿದ್ದೆ!

ಬೇಡದ್ದನ್ನೂ ಬರೆಯಬೇಕು. ಮಕ್ಕಳು ಹೋಗುವುದು ಸರ್ಕಾರಿ ಶಾಲೆಗೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಅಲ್ಲೇ ಸಿಗುತ್ತವೆ. ಸಿಗದೇ ಇರುವುದು ಹವಾಯಿ ಚಪ್ಪಲಿ. ಉಳಿದ ಮಾತ್ರೆ, ಸಿರಪ್ ಬೇಡ. ಮದುವೆ ಮನೆಯಲ್ಲಿ ಮಿಕ್ಕ ಊಟ ಬೇಡವೇ ಬೇಡ; ಮಧ್ಯಾಹ್ನ ಬೆಂದ ಪಲ್ಯ ರಾತ್ರಿ ಒಂಬತ್ತಕ್ಕೆ ಬಂದರೆ ಹೊಟ್ಟೆ ಕೆಡುವುದು ಒಬ್ಬರದಲ್ಲ, 42 ಮಕ್ಕಳದು. ಇದನ್ನು ಓದಿ ಹಿರಿಯ ದಾನಿಯೊಬ್ಬರು ಮುನಿಸಿಕೊಂಡರು: “ಏನ್ ಮೇಡಂ, ಕೊಡೋರಿಗೇ ಷರತ್ತಾ?” ಮೇಡಂ ಅವರನ್ನು ಉಗ್ರಾಣಕ್ಕೆ ಕರೆದೊಯ್ದು ಸೀರೆ ರಾಶಿ ತೋರಿಸಿದರು. “ಇದನ್ನ ವಿಂಗಡಿಸೋಕೆ ಆಯಾಗೆ ಎರಡು ದಿನ ಆಯ್ತು ಸಾರ್. ಆ ಎರಡು ದಿನ ಚಿಕ್ಕ ಮಕ್ಕಳ ತಲೆ ಬಾಚೋರಿರಲಿಲ್ಲ.” ಮುಂದಿನ ವಾರ ಅವರು ಚಪ್ಪಲಿ ಕಳಿಸಿದರು, ಅಳತೆ ಕೇಳಿಕೊಂಡು.

ಇನ್ನೆರಡು ಸಾಲು ಇರಲೇಬೇಕು. ಒಂದು, ವಸ್ತುವಾಗಿ ಕೊಟ್ಟ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ. ರಸೀತಿ ಕೊಡುತ್ತೇವೆ, ಅದು ತೆರಿಗೆಗೆ ಬಾರದು. ಇನ್ನೊಂದು, ಕೊಡುವಾಗ ಮಕ್ಕಳ ಜೊತೆ ಫೋಟೊ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಕ್ಕಳ ಗುರುತು ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಹೊರಬೀಳದಂತೆ ತಡೆಯುತ್ತದೆ. ಈ ಸಾಲು ಓದಿ ಬರುವುದನ್ನೇ ಬಿಟ್ಟವರೂ ಇದ್ದಾರೆ.

ಇಷ್ಟೆಲ್ಲ ಮಾಡಿಯೂ ನಾನೊಂದು ತಪ್ಪು ಮಾಡಿದೆ. ಪತ್ರಕ್ಕೆ ತಾರೀಕು ಹಾಕಲಿಲ್ಲ. ಆರು ವಾರದಲ್ಲಿ 41 ಬೆಡ್‌ಶೀಟೂ ಬಂದವು. ಪತ್ರ ಮಾತ್ರ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತಲೇ ಇತ್ತು. ಈಗ ತಲೆಯ ಮೇಲೆ ‘ಈ ಪಟ್ಟಿ ಜೂನ್ 30ರವರೆಗೆ ಮಾತ್ರ’ ಎಂದಿರುತ್ತದೆ, ತರುವ ಮುನ್ನ ಫೋನ್ ಮಾಡಿ ಎಂದೂ ಇರುತ್ತದೆ. ಆದರೂ ಮೊನ್ನೆ ಕೊರಿಯರಿನವನು ಒಂದು ಕಟ್ಟು ಇಳಿಸಿ ಹೋದ. ಬಿಚ್ಚಿದರೆ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಆರು ಬೆಡ್‌ಶೀಟು. ಮೇಡಂ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿವೆ,” ಎಂದು ದಾಸ್ತಾನು ಪುಸ್ತಕ ತೆಗೆದರು.