ಇಪ್ಪತ್ತೊಂಬತ್ತನೇ ಪುಟದ ಉತ್ತರ

ಫಲಿತಾಂಶ ಬಂದ ದಿನ ರಾತ್ರಿ ವಿಶ್ವವಿದ್ಯಾಲಯಕ್ಕೆ ಹೋಗುವ ಇಮೇಲುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ನಾನು ಚೆನ್ನಾಗಿ ಬರೆದಿದ್ದೆ, ಅಂಕ ಕಡಿಮೆ ಬಂದಿದೆ, ದಯವಿಟ್ಟು ಇನ್ನೊಮ್ಮೆ ನೋಡಿ.’ ಬರೆದವರ ಸಂಕಟ ನಿಜವೇ. ಆದರೆ ಇದನ್ನು ಓದಿದವರು ಮಾಡಬಹುದಾದ ಕೆಲಸ ಅದರಲ್ಲಿ ಯಾವುದೂ ಇಲ್ಲ. ಯಾವ ಪತ್ರಿಕೆ, ಯಾವ ಪ್ರಶ್ನೆ, ಯಾವ ಪುಟ ಎಂಬುದೇ ಗೊತ್ತಾಗುವುದಿಲ್ಲ.

ಪತ್ರವನ್ನು ಓದುವವರು ಯಾರೆಂದು ಮೊದಲು ತಿಳಿದುಕೊಳ್ಳಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಯ ಹೊಣೆ ಹೊತ್ತವರು ಕುಲಸಚಿವರು (ಮೌಲ್ಯಮಾಪನ). ಪತ್ರ ಅವರ ಹೆಸರಿಗೇ ಹೋಗುತ್ತದೆ. ಆದರೆ ಅದನ್ನು ತೆರೆದು, ಕಡತಕ್ಕೆ ಸೇರಿಸಿ, ಮುಂದೆ ಕಳಿಸುವವರು ಪರೀಕ್ಷಾ ವಿಭಾಗದ ವಿಷಯ ನಿರ್ವಾಹಕರು. ಅವರು ಉತ್ತರವನ್ನು ಓದಿ ಸರಿ ತಪ್ಪು ಹೇಳುವವರಲ್ಲ. ನೋಂದಣಿ ಸಂಖ್ಯೆ ಹಿಡಿದು ಉತ್ತರಪತ್ರಿಕೆ ಹುಡುಕಿಸಬಲ್ಲರು, ಮುಖಪುಟದ ಅಂಕ ಕೂಡಿ ನೋಡಬಲ್ಲರು. ಇನ್ನು ಮರುಮೌಲ್ಯಮಾಪನಕ್ಕೆ ಕೂರುವ ಅಧ್ಯಾಪಕರ ಕೈಗೆ ಸಾಮಾನ್ಯವಾಗಿ ಸಿಗುವುದು ಹೆಸರು, ನೋಂದಣಿ ಸಂಖ್ಯೆ ಮರೆಮಾಡಿದ ಉತ್ತರಪತ್ರಿಕೆ ಮಾತ್ರ. ನಿಮ್ಮ ಇಮೇಲು ಅವರವರೆಗೆ ಹೋಗುವುದೇ ಇಲ್ಲ. ಮನೆಯ ಕಷ್ಟ, ಹಿಂದಿನ ಸೆಮಿಸ್ಟರುಗಳ ಒಳ್ಳೆಯ ಅಂಕ, ಕೆಲಸಕ್ಕೆ ಆಯ್ಕೆಯಾಗಿರುವ ಸುದ್ದಿ ಇವನ್ನೆಲ್ಲ ಬರೆದರೆ ಅಂಕ ಕೊಡುವವರ ಕಣ್ಣಿಗೆ ಒಂದೂ ಬೀಳದು.

ಹಾಗಾಗಿ ಪತ್ರಕ್ಕೆ ಮುಂಚೆ ಆಗಬೇಕಾದ ಕೆಲಸ ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿಕೊಳ್ಳುವುದು. ಬಹುತೇಕ ವಿಶ್ವವಿದ್ಯಾಲಯಗಳು ಇದಕ್ಕೆ ಶುಲ್ಕ ಮತ್ತು ಕೊನೆಯ ದಿನಾಂಕ ಇಟ್ಟಿರುತ್ತವೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ವಿದ್ಯಾರ್ಥಿಗೆ ಉಂಟು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ, ಸಿಬಿಎಸ್‌ಇ ಕಕ್ಷಿಯಾಗಿದ್ದ ಪ್ರಕರಣದಲ್ಲಿ ಹೇಳಿತು. ನೋಡುವ ಹಕ್ಕು ಬೇರೆ, ಮರುಮೌಲ್ಯಮಾಪನದ ಹಕ್ಕು ಬೇರೆ. ಎರಡನೆಯದು ಆಯಾ ಸಂಸ್ಥೆಯ ನಿಯಮದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿ.ಕಾಂ. ನಾಲ್ಕನೇ ಸೆಮಿಸ್ಟರಿನ ಹುಡುಗಿ, ಕಾಸ್ಟ್ ಅಕೌಂಟಿಂಗ್ ಪತ್ರಿಕೆ. 80 ಅಂಕದ ಲಿಖಿತ ಪರೀಕ್ಷೆ, ಪಾಸಾಗಲು 28 ಬೇಕು, ಬಂದದ್ದು 23. ಛಾಯಾಪ್ರತಿಯನ್ನು ಪುಟಪುಟವಾಗಿ ತಿರುವಿದಾಗ ಅವಳಿಗೆ ಮೂರು ಸಂಗತಿ ಕಾಣುತ್ತವೆ.

12ನೇ ಪುಟದಲ್ಲಿ ಐದನೇ ಪ್ರಶ್ನೆಗೆ ಕೆಂಪು ಶಾಯಿಯಲ್ಲಿ 4 ಅಂಕ ಹಾಕಿದೆ. ಮುಖಪುಟದ ಪಟ್ಟಿಯಲ್ಲಿ ಐದರ ಎದುರಿನ ಮನೆ ಮಾತ್ರ ಖಾಲಿ. ಒಳಗಿನ ಅಂಕ ಹೊರಗೆ ಬಂದಿಲ್ಲ.

ಒಂಬತ್ತನೇ ಪ್ರಶ್ನೆಯ ಉತ್ತರ 29 ಮತ್ತು 30ನೇ ಪುಟದಲ್ಲಿದೆ. ಅಲ್ಲಿ ಕೆಂಪು ಗೆರೆಯಿಲ್ಲ, ಸರಿ ಗುರುತಿಲ್ಲ, ಸೊನ್ನೆಯೂ ಇಲ್ಲ. ಹೀಗಾಗಲು ಕಾರಣವನ್ನೂ ಊಹಿಸಬಹುದು. ಅವಳು 27, 28ನೇ ಪುಟಗಳನ್ನು ಖಾಲಿ ಬಿಟ್ಟಿದ್ದಾಳೆ. ಖಾಲಿ ಪುಟ ಕಂಡವರು ಉತ್ತರ ಮುಗಿಯಿತೆಂದು ಪತ್ರಿಕೆ ಮುಚ್ಚಿರಬೇಕು. ಸೊನ್ನೆ ಬರೆದಿದ್ದರೆ ಅದು ಮೌಲ್ಯಮಾಪಕರ ತೀರ್ಮಾನ ಅನ್ನಬಹುದಿತ್ತು. ಏನೂ ಬರೆಯದಿದ್ದರೆ ಅದು ಬಿಟ್ಟುಹೋದ ಉತ್ತರ. ಆ ಉತ್ತರಕ್ಕೆ ಎಷ್ಟು ಅಂಕ ಎಂದು ಹೇಳಲು ಅಧ್ಯಾಪಕರೇ ಬೇಕು, ಆದರೆ ಅದು ಬಿಟ್ಟುಹೋಗಿದೆ ಎಂದು ಕಾಣಲು ಕಚೇರಿಯವರ ಕಣ್ಣೇ ಸಾಕು.

ಮೂರನೆಯದು ಸ್ವಲ್ಪ ಜಟಿಲ. ವರ್ಷಕ್ಕೆ 12,000 ಕಿಲೋ ಸಾಮಗ್ರಿ ಬೇಕು, ಒಂದು ಸಲ ತರಿಸಲು 150 ರೂಪಾಯಿ ಖರ್ಚು, ಒಂದು ಕಿಲೋವನ್ನು ವರ್ಷವಿಡೀ ದಾಸ್ತಾನು ಇಡಲು 10 ರೂಪಾಯಿ. ಒಂದು ಸಲಕ್ಕೆ ಎಷ್ಟು ತರಿಸಿದರೆ ಮಿತವ್ಯಯ ಎಂಬ 5 ಅಂಕದ ಲೆಕ್ಕ. ಸೂತ್ರ ಸರಿ ಬರೆದಿದ್ದಾಳೆ, ಅಂಕಿಗಳನ್ನೂ ಸರಿಯಾಗಿ ಕೂರಿಸಿದ್ದಾಳೆ. 3,60,000ದ ವರ್ಗಮೂಲ 600 ಆಗಬೇಕಿದ್ದಲ್ಲಿ 6,000 ಎಂದು ಬರೆದಿದ್ದಾಳೆ. ಸೊನ್ನೆ ಬಿದ್ದಿದೆ. ಹಂತಗಳಿಗೆ ಅಂಕ ಸಿಗಬೇಕಿತ್ತೇ ಎಂಬುದು ಆ ಪತ್ರಿಕೆಯ ಮೌಲ್ಯಮಾಪನ ಸ್ಕೀಮ್ ಹೇಳಬೇಕಾದ ಮಾತು, ಅದನ್ನು ತೂಗಬೇಕಾದವರು ಇನ್ನೊಬ್ಬ ಮೌಲ್ಯಮಾಪಕರು. ಇಮೇಲಿನಲ್ಲಿ ವಾದಿಸಿ ಗೆಲ್ಲುವ ವಿಷಯ ಇದಲ್ಲ. ಇದಕ್ಕೆ ದಾರಿ ಶುಲ್ಕ ಕಟ್ಟಿದ ಮರುಮೌಲ್ಯಮಾಪನದ ಅರ್ಜಿ.

ಮೊದಲ ತಪ್ಪು ಸರಿಯಾದರೆ 23 ಹೋಗಿ 27 ಆಗುತ್ತದೆ. ಒಂದು ಅಂಕ ಕಡಿಮೆ! ಆದ್ದರಿಂದ ಎರಡನೆಯದೇ ಅವಳ ಪತ್ರದ ಜೀವ. ಅವಳು ಹೀಗೆ ಬರೆಯಬಹುದು:

‘ವಿಷಯ: ಬಿ.ಕಾಂ. 4ನೇ ಸೆಮಿಸ್ಟರ್, ಕಾಸ್ಟ್ ಅಕೌಂಟಿಂಗ್: ಸೇರದ ಅಂಕ ಮತ್ತು ಮೌಲ್ಯಮಾಪನವಾಗದ ಉತ್ತರದ ಬಗ್ಗೆ.

ಮಾನ್ಯರೇ,

ಮೇಲಿನ ಪತ್ರಿಕೆಯಲ್ಲಿ ನನಗೆ 80ಕ್ಕೆ 23 ಅಂಕ ಪ್ರಕಟವಾಗಿದೆ. ನನ್ನ ನೋಂದಣಿ ಸಂಖ್ಯೆ, ಪತ್ರಿಕೆಯ ಕೋಡ್, ಪರೀಕ್ಷೆಯ ದಿನಾಂಕ ಮತ್ತು ಕಾಲೇಜಿನ ಹೆಸರನ್ನು ಕೆಳಗೆ ಕೊಟ್ಟಿದ್ದೇನೆ. ತಮ್ಮ ಕಚೇರಿಯಿಂದ ಪಡೆದ ಛಾಯಾಪ್ರತಿಯಲ್ಲಿ ಎರಡು ಅಂಶಗಳನ್ನು ಗಮನಿಸಿದ್ದೇನೆ.

ಪ್ರಶ್ನೆ 5ಕ್ಕೆ ಪುಟ 12ರಲ್ಲಿ 4 ಅಂಕ ನೀಡಲಾಗಿದೆ. ಮುಖಪುಟದಲ್ಲಿ ಅದು ನಮೂದಾಗಿಲ್ಲ. ಪ್ರಶ್ನೆ 9ರ ಉತ್ತರ ಪುಟ 29 ಮತ್ತು 30ರಲ್ಲಿದೆ. ಅದಕ್ಕೆ ಅಂಕ ಅಥವಾ ಗುರುತು ಕಾಣುವುದಿಲ್ಲ. ಮೂಲ ಉತ್ತರಪತ್ರಿಕೆಯಲ್ಲಿ ಇವೆರಡನ್ನೂ ಪರಿಶೀಲಿಸಿ ಸರಿಪಡಿಸಬೇಕೆಂದು ಕೋರುತ್ತೇನೆ.

ಮರುಮೌಲ್ಯಮಾಪನಕ್ಕೂ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ್ದೇನೆ. ಅರ್ಜಿ ಸಂಖ್ಯೆ ಕೆಳಗಿದೆ. ಶುಲ್ಕದ ರಸೀದಿ ಮತ್ತು ಮುಖಪುಟ, 12, 29, 30ನೇ ಪುಟಗಳ ಪ್ರತಿಯನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ.’

ಇಷ್ಟೇ. ‘ಮೌಲ್ಯಮಾಪಕರ ಬೇಜವಾಬ್ದಾರಿಯಿಂದ’ ಎಂಬ ಮಾತು ಇದರಲ್ಲಿಲ್ಲ, ‘ಅಂಕ ಕಾಣುವುದಿಲ್ಲ’ ಎಂದಷ್ಟೇ ಇದೆ. ಇದು ಬರಿಯ ವಿನಯವಲ್ಲ. ಛಾಯಾಪ್ರತಿಯಲ್ಲಿ ತೆಳು ಕೆಂಪು ಗುರುತು ಒಮ್ಮೊಮ್ಮೆ ಮೂಡುವುದಿಲ್ಲ, ಮೂಲದಲ್ಲಿ ಅದು ಇರಬಹುದು. ಮೂಲವನ್ನು ನೋಡಿ ಎಂದು ಕೇಳುವುದು ಅದಕ್ಕೇ. ಒಳಗಿನ ವಿವರಣೆ ಕನ್ನಡದಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಪತ್ರಿಕೆಯ ಹೆಸರು ಮತ್ತು ಕೋಡ್ ಮಾತ್ರ ಪ್ರವೇಶಪತ್ರದಲ್ಲಿ ಇದ್ದಂತೆಯೇ ಇರಬೇಕು. ಪ್ರಾಂಶುಪಾಲರಿಗೆ ಇಮೇಲಿನ ಒಂದು ಪ್ರತಿ ಹೋದರೆ ಅನುಕೂಲ, ವಿಶ್ವವಿದ್ಯಾಲಯದವರು ಎಷ್ಟೋ ಸಲ ಕಾಲೇಜಿನ ಮೂಲಕವೇ ಉತ್ತರಿಸುತ್ತಾರೆ.

ಕಂಪ್ಯೂಟರ್ ಪರದೆಯ ಮೇಲೆ ಮೌಲ್ಯಮಾಪನ ಮಾಡುವ ಕಡೆ ಕೂಡುವ ತಪ್ಪು ಅಪರೂಪ, ಏಕೆಂದರೆ ಕೂಡುವುದು ಯಂತ್ರ. ಅಂಥಲ್ಲಿ ಸ್ಕ್ಯಾನ್ ಆಗದೆ ಉಳಿದ ಪುಟಗಳನ್ನೂ ಮಸುಕಾಗಿ ಬಂದ ಪುಟಗಳನ್ನೂ ಹುಡುಕಬೇಕು. ಛಾಯಾಪ್ರತಿಯ ಪುಟಸಂಖ್ಯೆಗಳನ್ನು ಒಂದರಿಂದ ಕೊನೆಯವರೆಗೆ ಎಣಿಸಿದರೆ ಅದು ಸಿಕ್ಕಿಬೀಳುತ್ತದೆ.

ದೂರಲು ಬಾರದ ಸಂಗತಿಯೂ ಒಂದುಂಟು. ಆರರಲ್ಲಿ ನಾಲ್ಕು ಪ್ರಶ್ನೆ ಬರೆಯಿರಿ ಅಂದಾಗ ಐದು ಬರೆದಿದ್ದರೆ, ಐದನೆಯದರ ಅಂಕ ಮೊತ್ತಕ್ಕೆ ಸೇರದಿರುವುದು ತಪ್ಪಲ್ಲ.

ಅರ್ಜಿ ಹಾಕುವ ಮುನ್ನ ಅಧಿಸೂಚನೆಯ ಒಂದು ಸಾಲನ್ನು ಮಾತ್ರ ತಪ್ಪದೆ ಓದಬೇಕು: ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಏನು? ಕೆಲವೆಡೆ ಹೊಸ ಅಂಕವೇ ಅಂತಿಮ, ಕೆಲವೆಡೆ ಎರಡರಲ್ಲಿ ಹೆಚ್ಚಿನದು, ಇನ್ನು ಕೆಲವೆಡೆ ಸರಾಸರಿ. 23 ಬಂದವಳಿಗೆ ಕಳೆದುಕೊಳ್ಳುವುದು ಅಷ್ಟಿಲ್ಲ. 30 ಬಂದು ಪಾಸಾಗಿರುವವರು ಎರಡು ಸಲ ಯೋಚಿಸಬೇಕು.

ಉತ್ತರ ಬರದಿದ್ದರೆ ಹೊಸ ಪತ್ರ ಬರೆಯಬಾರದು. ಅದೇ ಇಮೇಲಿನ ಕೆಳಗೇ, ಹಿಂದೆ ಬರೆದ ದಿನಾಂಕ ಹೇಳಿ ನೆನಪಿಸಬೇಕು, ಇಲ್ಲವಾದರೆ ಒಂದೇ ವಿಷಯ ಎರಡು ಕಡತವಾಗಿ ಎರಡು ಮೇಜಿನ ಮೇಲೆ ಕೂರುತ್ತದೆ. ಈ ನಡುವೆ ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನ ಬಂದರೆ ಆ ಹುಡುಗಿ ಕಾಸ್ಟ್ ಅಕೌಂಟಿಂಗ್‌ಗೂ ಕಟ್ಟಿಬಿಡುವುದು ಒಳ್ಳೆಯದು. 29ನೇ ಪುಟ ಇನ್ನೂ ಪರಿಶೀಲನೆಯಲ್ಲಿದೆ ಎಂದು ಆ ದಿನಾಂಕ ಮುಂದಕ್ಕೆ ಹೋಗುವುದಿಲ್ಲ.